ರಸ್ತೆಯ ಅಂಚಿನಲ್ಲೇ ಪಾಠ: ಶಾಲಾ ಮಕ್ಕಳ ಸಂಚಾರ ಶಿಕ್ಷಣಕ್ಕೊಂದು ಯೋಜನೆ

ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಶಿಕ್ಷಣ ಹೆಚ್ಚಾಗಿ ಜನವರಿ ತಿಂಗಳ ಕಾರ್ಯಕ್ರಮವಾಗಿ ನಡೆಯುತ್ತದೆ. ಪೊಲೀಸ್ ಅಧಿಕಾರಿಯೊಬ್ಬರ ಭಾಷಣ, ಸಂಚಾರ ಚಿಹ್ನೆಗಳ ಚಿತ್ರಪಟ, ಚಿತ್ರಕಲಾ ಸ್ಪರ್ಧೆ, ಊರ ಬೀದಿಯಲ್ಲೊಂದು ಜಾಥಾ. ಇಷ್ಟಾದ ಮೇಲೆ ಎರಡನೇ ತರಗತಿಯ ಮಗುವನ್ನು ಕೇಳಿದರೆ, ಕೆಂಪು ದೀಪಕ್ಕೆ ನಿಲ್ಲಬೇಕು, ಹಸಿರಿಗೆ ಹೊರಡಬೇಕು, ಎರಡೂ ಕಡೆ ನೋಡಿ ರಸ್ತೆ ದಾಟಬೇಕು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಸಂಜೆ ಗಂಟೆ ಹೊಡೆದು ಗೇಟು ತೆರೆದಾಗ, ರಸ್ತೆಯಾಚೆ ನಿಂತ ಅಪ್ಪನನ್ನು ಕಂಡೊಡನೆ ಆ ಮಗು ಯಾವ ಕಡೆಗೂ ನೋಡದೆ ಓಡುತ್ತದೆ. ಬಾಯಲ್ಲಿ ಇರುವ ನಿಯಮ ಕಾಲಿಗೆ ಇಳಿದಿರುವುದಿಲ್ಲ. ಮಕ್ಕಳ ಸಂಚಾರ ಶಿಕ್ಷಣದ ಯೋಜನೆ ಈ ಅಂತರವನ್ನು ತುಂಬುವ ಕೆಲಸವಾಗಬೇಕು. ಹಾಗಾಗಬೇಕಾದರೆ ಪಾಠದ ಹೆಚ್ಚಿನ ಪಾಲು ತರಗತಿಯ ಗೋಡೆಗಳಿಂದ ಹೊರಗೆ, ರಸ್ತೆಯ ಅಂಚಿನಲ್ಲಿ ನಡೆಯಬೇಕು.

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು ಐದನೇ ಒಂದು ಪಾಲು ಪಾದಚಾರಿಗಳು. ಶಾಲೆಗೆ ನಡೆದೇ ಹೋಗುವ ಮಕ್ಕಳು ಈ ಗುಂಪಿಗೆ ಸೇರಿದವರು. ಹಾಗಾಗಿ ಪ್ರಾಥಮಿಕ ಶಾಲೆಯ ಯೋಜನೆಯಲ್ಲಿ ಮೊದಲ ಸ್ಥಾನ ರಸ್ತೆ ದಾಟುವ ಕೌಶಲಕ್ಕೆ ಸಲ್ಲಬೇಕು. ಸಂಚಾರ ಚಿಹ್ನೆಗಳನ್ನು ಗುರುತಿಸುವ ಪಾಠ ಕೆಟ್ಟದ್ದಲ್ಲ. ಆದರೆ ಸಿಗ್ನಲ್ ದೀಪವೇ ಇಲ್ಲದ ಊರಿನ ಮಗುವಿಗೆ ಅದರಿಂದ ಆಗುವ ಪ್ರಯೋಜನ ಕಡಿಮೆ.

ಮಗುವಿಗೆ ರಸ್ತೆ ಹೇಗೆ ಕಾಣುತ್ತದೆ

ಯೋಜನೆ ರೂಪಿಸುವವರು ಮೊದಲು ಅರಿಯಬೇಕಾದದ್ದು ಮಗುವಿನ ಮಿತಿಯನ್ನು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಥಾಮ್ಸನ್ ಮತ್ತು ಅಂಪೋಫೊ-ಬೋಟೆಂಗ್ ಎಂಬ ಸಂಶೋಧಕರು ಐದು, ಏಳು, ಒಂಬತ್ತು ಮತ್ತು ಹನ್ನೊಂದು ವರ್ಷದ ಮಕ್ಕಳಿಗೆ ರಸ್ತೆಯ ಬೇರೆ ಬೇರೆ ಜಾಗಗಳನ್ನು ತೋರಿಸಿ, ಇಲ್ಲಿ ದಾಟುವುದು ಸುರಕ್ಷಿತವೇ ಎಂದು ಕೇಳಿದರು. ಅದರ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಐದು ಮತ್ತು ಏಳು ವರ್ಷದ ಮಕ್ಕಳು ಹೆಚ್ಚಾಗಿ ಒಂದೇ ಅಳತೆಗೋಲನ್ನು ಬಳಸಿದ್ದರು: ಕಣ್ಣಿಗೆ ಕಾರು ಕಾಣುತ್ತಿದೆಯೋ ಇಲ್ಲವೋ. ಕಾಣದಿದ್ದರೆ ಆ ಜಾಗ ಸುರಕ್ಷಿತ ಎಂದರು. ತೀರಾ ತಿರುವಿನಲ್ಲಿ ನಿಂತಿದ್ದರೂ, ದಿಬ್ಬದ ನೆತ್ತಿಯ ಪಕ್ಕದಲ್ಲಿದ್ದರೂ ಅವರ ಉತ್ತರ ಬದಲಾಗಲಿಲ್ಲ. ತಿರುವಿನಾಚೆಯಿಂದ ವಾಹನ ಬರಬಹುದು, ಅದು ಇನ್ನೂ ಕಾಣುತ್ತಿಲ್ಲವಷ್ಟೆ ಎಂಬ ಊಹೆ ಆ ವಯಸ್ಸಿನ ಬಹುಪಾಲು ಮಕ್ಕಳಿಗೆ ಹೊಳೆಯುವುದಿಲ್ಲ. ಹನ್ನೊಂದರ ಹೊತ್ತಿಗೆ ಅದು ಚೆನ್ನಾಗಿ ಮೂಡಿರುತ್ತದೆ.

ವೇಗವನ್ನು ಅಳೆಯುವ ಕಣ್ಣೂ ನಿಧಾನವಾಗಿ ಬಲಿಯುತ್ತದೆ. ಲಂಡನ್ನಿನ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ನೇರ ತಮ್ಮತ್ತ ಬರುತ್ತಿರುವ ವಾಹನ ಹತ್ತಿರವಾಗುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲೆಯ ಮಕ್ಕಳು ಖಚಿತವಾಗಿ ಗುರುತಿಸಲಾರರು. ಇದು ಅವರ ಅಲಕ್ಷ್ಯವಲ್ಲ. ಕಣ್ಣಿನಲ್ಲಿ ವಾಹನದ ಬಿಂಬ ದೊಡ್ಡದಾಗುವುದನ್ನು ಗ್ರಹಿಸುವ ಶಕ್ತಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಇದರ ಜೊತೆಗೆ ಎತ್ತರದ ತೊಡಕು. ನಿಂತ ಆಟೋದ ಹಿಂದಿನಿಂದ ದೊಡ್ಡವರಿಗೆ ಕಾಣುವ ರಸ್ತೆ ಆರು ವರ್ಷದ ಮಗುವಿಗೆ ಕಾಣುವುದಿಲ್ಲ, ಆಟೋದ ಹಿಂದಿರುವ ಮಗು ಬಸ್ಸಿನ ಚಾಲಕನಿಗೂ ಕಾಣುವುದಿಲ್ಲ.

ಸ್ವೀಡನ್ನಿನ ಮನೋವಿಜ್ಞಾನಿ ಸ್ಟಿನಾ ಸಾಂಡೆಲ್ಸ್ 1960ರ ದಶಕದಲ್ಲಿ ಮಕ್ಕಳು ರಸ್ತೆಯಲ್ಲಿ ನಡೆದುಕೊಳ್ಳುವ ರೀತಿಯನ್ನು ಬಹುಕಾಲ ಗಮನಿಸಿ, ಚಿಕ್ಕ ಮಕ್ಕಳನ್ನು ಸಂಚಾರಕ್ಕೆ ಒಗ್ಗಿಸುವುದಕ್ಕೆ ಮಿತಿಯಿದೆ, ಸಂಚಾರವನ್ನೇ ಮಕ್ಕಳಿಗೆ ಒಗ್ಗಿಸಬೇಕು ಎಂದು ವಾದಿಸಿದರು. ಈ ಮಾತನ್ನು ಮರೆತು ಮಾಡಿದ ಯೋಜನೆ ಅಪಘಾತದ ಹೊಣೆಯನ್ನು ಸದ್ದಿಲ್ಲದೆ ಮಗುವಿನ ಹೆಗಲಿಗೆ ಏರಿಸುತ್ತದೆ. ಆದ್ದರಿಂದ ಒಳ್ಳೆಯ ಯೋಜನೆಯಲ್ಲಿ ಎರಡು ಭಾಗ ಇರಲೇಬೇಕು: ಮಗು ಕಲಿಯಬಲ್ಲದ್ದನ್ನು ಕಲಿಸುವುದು, ಕಲಿಯಲಾರದ್ದಕ್ಕೆ ದೊಡ್ಡವರು ಹೊಣೆ ಹೊರುವುದು.

ಗುರಿಯನ್ನು ಬರೆಯುವ ಬಗೆ

'ಮಕ್ಕಳಲ್ಲಿ ಸುರಕ್ಷತಾ ಅರಿವು ಮೂಡಿಸುವುದು' ಎಂಬ ಗುರಿ ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಗುರಿಯನ್ನು ಕಣ್ಣಿಗೆ ಕಾಣುವ ವರ್ತನೆಯ ರೂಪದಲ್ಲಿ ಬರೆಯಬೇಕು. ಒಂದರಿಂದ ಮೂರನೇ ತರಗತಿಯವರಿಗೆ: ದೊಡ್ಡವರ ಕೈ ಹಿಡಿದೇ ದಾಟುವುದು, ರಸ್ತೆಯ ಅಂಚಿಗೆ ಬಂದಾಗ ಯಾರೂ ಹೇಳದೆ ನಿಲ್ಲುವುದು, ತಿರುವು ಮತ್ತು ನಿಂತ ವಾಹನಗಳಿಂದ ದೂರದ ಜಾಗವನ್ನು ಬೆರಳು ಮಾಡಿ ತೋರಿಸುವುದು. ನಾಲ್ಕರಿಂದ ಏಳನೇ ತರಗತಿಯವರಿಗೆ: ಪರಿಚಿತ ಸಣ್ಣ ರಸ್ತೆಯನ್ನು ತಾವೇ ನೇರವಾಗಿ, ಓಡದೆ ದಾಟುವುದು, ಬಸ್ಸಿನಿಂದ ಇಳಿದ ಮೇಲೆ ಬಸ್ಸು ಹೊರಟುಹೋಗುವ ತನಕ ಕಾಯುವುದು. ಪ್ರೌಢಶಾಲೆಯವರಿಗೆ: ಸೈಕಲ್ ನಿಭಾಯಿಸುವುದು, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹಿಂದೆ ಕೂರುವುದು, ಪರವಾನಗಿ ಇಲ್ಲದೆ ಬೈಕು ಮುಟ್ಟದಿರುವುದು, ಅಪಘಾತವಾದಾಗ 108ಕ್ಕೆ ಕರೆಮಾಡಿ ಸ್ಥಳವನ್ನು ಸರಿಯಾಗಿ ಹೇಳುವುದು.

ಇಷ್ಟು ಸಾಕು. ಒಂದು ವರ್ಷಕ್ಕೆ ಇಪ್ಪತ್ತು ಗುರಿ ಇಟ್ಟುಕೊಂಡ ಶಾಲೆಗೆ ಒಂದನ್ನೂ ರೂಢಿ ಮಾಡಿಸಲು ಸಮಯ ಉಳಿಯುವುದಿಲ್ಲ.

ಮೊದಲು ಅಳತೆ, ಆಮೇಲೆ ಪಾಠ

ಯೋಜನೆ ಹೇಗೆ ರೂಪ ಪಡೆಯುತ್ತದೆ ಎಂಬುದಕ್ಕೆ ಕರ್ನಾಟಕದ ಯಾವುದೇ ತಾಲ್ಲೂಕಿನಲ್ಲಿ ಕಾಣಸಿಗುವಂಥ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಬಹುದು. ಏಳನೇ ತರಗತಿಯವರೆಗಿನ ಸರ್ಕಾರಿ ಶಾಲೆ, ಪಕ್ಕದಲ್ಲೇ ಪ್ರೌಢಶಾಲೆ. ಎರಡರ ಗೇಟೂ ಜಿಲ್ಲಾ ಮುಖ್ಯ ರಸ್ತೆಗೆ ತೆರೆದುಕೊಂಡಿದೆ. ಡಾಂಬರಿನ ಅಗಲ 7 ಮೀಟರ್, ಫುಟ್‌ಪಾತ್ ಇಲ್ಲ. ಗೇಟಿನ ಬಲಕ್ಕೆ 60 ಮೀಟರಿನಾಚೆ ರಸ್ತೆ ತಿರುಗಿ ಹುಣಸೆಮರಗಳ ಹಿಂದೆ ಮರೆಯಾಗುತ್ತದೆ. ಎಡಕ್ಕೆ ರಸ್ತೆ ನೇರ, 150 ಮೀಟರ್ ದೂರದಲ್ಲಿ ಪಂಚಾಯಿತಿ ಕಚೇರಿ. ಅರ್ಧದಷ್ಟು ಮಕ್ಕಳ ಮನೆ ರಸ್ತೆಯಾಚೆ. ಗೇಟಿನೆದುರೇ ಐಸ್‌ಕ್ಯಾಂಡಿ ಗಾಡಿ, ಸಂಜೆ ನಾಲ್ಕಾರು ಆಟೋ.

ಜೂನ್ ತಿಂಗಳಲ್ಲಿ ಪಾಠ ಶುರುವಾಗುವ ಮೊದಲು ಶಿಕ್ಷಕರು ಮತ್ತು ಪ್ರೌಢಶಾಲೆಯ ಮಕ್ಕಳು ಸೇರಿ ಎರಡು ಕೆಲಸ ಮಾಡುತ್ತಾರೆ. ಒಂದು, ಶಾಲೆಯ ದಾರಿಯ ನಕ್ಷೆ. ಪ್ರತಿ ಮಗುವೂ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಬಿಳಿ ಹಾಳೆಯಲ್ಲಿ ಬರೆದು, ತನಗೆ ಭಯವಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡುತ್ತದೆ. ಎಲ್ಲವನ್ನೂ ಒಂದೇ ದೊಡ್ಡ ನಕ್ಷೆಗೆ ಇಳಿಸಿದಾಗ ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆ ಎಂಬುದು ತಾನಾಗಿ ಕಾಣುತ್ತದೆ. ಶಿಕ್ಷಕರು ಊಹಿಸದ ಜಾಗಗಳೂ ಇದರಲ್ಲಿ ಹೊರಬೀಳುತ್ತವೆ: ಕಬ್ಬಿನ ಟ್ರ್ಯಾಕ್ಟರು ನಿಧಾನವಾಗಿ ಏರುವ ದಿಬ್ಬ ಅಂಥದೊಂದು. ಚಲಿಸುವ ಟ್ರೈಲರಿನಿಂದ ಜಲ್ಲೆ ಎಳೆಯಲು ಮಕ್ಕಳು ಓಡುವುದು ಅಲ್ಲೇ.

ಎರಡನೆಯ ಕೆಲಸ ವೇಗದ ಅಳತೆ. ಶಾಲೆಯ ಕಾಂಪೌಂಡಿನ ಉದ್ದಕ್ಕೆ ನೇರ ರಸ್ತೆಯ ಕಡೆಗೆ 60 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕುತ್ತಾರೆ. ಮಕ್ಕಳು ಕಾಂಪೌಂಡಿನ ಒಳಗೇ ನಿಂತು, ವಾಹನವೊಂದು ಮೊದಲ ಗುರುತಿನಿಂದ ಎರಡನೆಯದಕ್ಕೆ ಬರಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಮೊಬೈಲಿನ ಗಡಿಯಾರದಲ್ಲಿ ನೋಡುತ್ತಾರೆ. 4 ಸೆಕೆಂಡಾದರೆ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್. ಗುರುತುಗಳು ತೀರಾ ಹತ್ತಿರವಿದ್ದರೆ ಗುಂಡಿ ಒತ್ತುವಾಗಿನ ಸಣ್ಣ ತಡವೂ ಲೆಕ್ಕವನ್ನು ಕೆಡಿಸುತ್ತದೆ. ಹೀಗೆ ಇಪ್ಪತ್ತು ಮೂವತ್ತು ವಾಹನಗಳನ್ನು ಅಳೆದ ಮೇಲೆ ಸರಾಸರಿ ತೆಗೆಯುವ ಆಸೆಯನ್ನು ಬಿಡಬೇಕು. ಮಗುವಿಗೆ ಗುದ್ದುವುದು ಸರಾಸರಿ ವಾಹನವಲ್ಲ. ವೇಗವಾಗಿ ಬಂದವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಈಗ ಲೆಕ್ಕ. ಎರಡನೇ ತರಗತಿಯ ಮಕ್ಕಳನ್ನು ಮೈದಾನದಲ್ಲಿ 20 ಮೀಟರ್ ನಡೆಸಿದಾಗ ಸುಮಾರು 20 ಸೆಕೆಂಡು ಬೇಕಾಯಿತು ಎಂದುಕೊಂಡರೆ, 7 ಮೀಟರ್ ದಾಟಲು 7 ಸೆಕೆಂಡು ಬೇಕು. ನೋಡಿದ ಮೇಲೆ ಹೆಜ್ಜೆ ಇಡುವಾಗ ಆಗುವ ಹಿಂಜರಿಕೆಗೆ 2 ಸೆಕೆಂಡು ಸೇರಿಸಿದರೆ ಒಟ್ಟು 9. ಅಷ್ಟರಲ್ಲಿ 54 ಕಿಲೋಮೀಟರ್ ವೇಗದ ವಾಹನ 135 ಮೀಟರ್ ಬರುತ್ತದೆ. ಗೇಟಿನ ಮುಂದೆ ಬಲಕ್ಕೆ ಕಾಣುವುದು 60 ಮೀಟರ್ ಮಾತ್ರ. ಮಗು ಎಷ್ಟೇ ಜಾಗ್ರತೆಯಿಂದ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿದರೂ, ಅದು ಹೆಜ್ಜೆ ಇಡುವಾಗ ಕಾಣದಿದ್ದ ವಾಹನ ಅದು ರಸ್ತೆಯ ನಡುವೆ ಇರುವಾಗಲೇ ಬಂದು ಮುಟ್ಟಬಹುದು. ವಾಹನ 36 ಕಿಲೋಮೀಟರಿಗೆ ಇಳಿದರೂ 9 ಸೆಕೆಂಡಿನಲ್ಲಿ 90 ಮೀಟರ್ ಬರುತ್ತದೆ. 25 ಕಿಲೋಮೀಟರಿಗೆ ಇಳಿದರೆ ಸುಮಾರು 62 ಮೀಟರ್. ಆಗಲೂ ಎರಡು ಮೀಟರ್ ಕೊರತೆ.

ಈ ಗೇಟಿನಲ್ಲಿ 'ನೋಡಿ ದಾಟು' ಎಂಬ ಪಾಠ ಎಷ್ಟು ಚೆನ್ನಾಗಿ ಹೇಳಿಕೊಟ್ಟರೂ ಸಾಲದು ಎಂಬುದನ್ನು ಲೆಕ್ಕವೇ ಹೇಳುತ್ತದೆ. ದಾಟುವ ಜಾಗವನ್ನೇ ಬದಲಿಸಬೇಕು. ಎರಡೂ ಕಡೆ 135 ಮೀಟರಿಗಿಂತ ಹೆಚ್ಚು ದೂರ ಕಾಣುವ ಪಂಚಾಯಿತಿ ಕಚೇರಿಯ ಎದುರನ್ನು ದಾಟುವ ಜಾಗವೆಂದು ಗೊತ್ತುಮಾಡಿ, ಗೇಟಿನಿಂದ ಅಲ್ಲಿಯವರೆಗೆ ರಸ್ತೆಗಿಳಿಯದೆ ಹೋಗಲು ಬದಿಯ ಗಿಡಗಂಟಿ ಕಡಿದು ಕಾಲುದಾರಿ ಮಾಡಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಪಂಚಾಯಿತಿಗೂ ಲೋಕೋಪಯೋಗಿ ಇಲಾಖೆಗೂ ಬರೆಯುವ ಅರ್ಜಿಗೆ ಮಕ್ಕಳ ನಕ್ಷೆ ಮತ್ತು ವೇಗದ ಪಟ್ಟಿಯನ್ನು ಲಗತ್ತಿಸಿದರೆ, ಅದು ಬರಿಯ ಮನವಿಯಾಗಿ ಉಳಿಯದೆ ಆಧಾರವಿರುವ ಬೇಡಿಕೆಯಾಗುತ್ತದೆ. ಹಂಪ್ ಕೇಳುವಾಗಲೂ ಅಳತೆ ಹೇಳಿ ಕೇಳುವುದು ಒಳ್ಳೆಯದು. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗಕ್ಕೆ ಹೊಂದುವಂಥದು. ಊರಿನವರು ರಾತ್ರೋರಾತ್ರಿ ಮಣ್ಣು ಜಲ್ಲಿ ಸುರಿದು ಮಾಡಿದ ಚೂಪು ದಿಬ್ಬ ಬೈಕ್ ಸವಾರರನ್ನು ಬೀಳಿಸುತ್ತದೆ.

ಅಂಚಿನಲ್ಲಿ ನಡೆಯುವ ಪಾಠ

ಗ್ಲಾಸ್ಗೋ ನಗರದ ಡ್ರಮ್‌ಚಾಪಲ್ ಬಡಾವಣೆಯಲ್ಲಿ 1990ರ ದಶಕದಲ್ಲಿ ಥಾಮ್ಸನ್ ಮತ್ತು ಅವರ ಸಂಗಡಿಗರು ಐದರಿಂದ ಏಳು ವರ್ಷದ ಮಕ್ಕಳಿಗೆ ಒಂದು ತರಬೇತಿ ಆರಂಭಿಸಿದರು. ಮುಂದೆ ಅದು ಕರ್ಬ್‌ಕ್ರಾಫ್ಟ್ ಎಂಬ ಹೆಸರಿನಿಂದ ಬ್ರಿಟನ್ನಿನ ಬೇರೆಡೆಗೂ ಹಬ್ಬಿತು. ಅದರಲ್ಲಿ ಕಲಿಸುವುದು ಮೂರೇ ಕೌಶಲ: ದಾಟಲು ಒಳ್ಳೆಯ ಜಾಗ ಹುಡುಕುವುದು, ನಿಂತ ವಾಹನಗಳ ನಡುವೆ ದಾಟಲೇಬೇಕಾಗಿ ಬಂದಾಗ ಏನು ಮಾಡುವುದು, ಕೂಡುರಸ್ತೆಯಲ್ಲಿ ದಾಟುವುದು. ಒಂದೊಂದಕ್ಕೂ ಹಲವು ಪಾಠ. ಕಲಿಸುವವರು ತರಬೇತಿ ಪಡೆದ ಊರಿನ ತಂದೆತಾಯಿಯರು. ಒಬ್ಬರ ಜೊತೆಗೆ ಎರಡು ಮೂರು ಮಕ್ಕಳು ಮಾತ್ರ, ನಿಜವಾದ ರಸ್ತೆಯಲ್ಲಿ. ದೊಡ್ಡವರು ಉತ್ತರ ಹೇಳದೆ ಪ್ರಶ್ನೆ ಕೇಳುತ್ತಾ ಹೋಗುವುದು ಇದರ ತಿರುಳು.

ಈ ಕ್ರಮವನ್ನು ಕರ್ನಾಟಕದ ಶಾಲೆಗೆ ತರುವಾಗ ಮೊದಲ ತೊಡಕು ಜನರದ್ದು. ಎರಡು ಮೂರು ಮಕ್ಕಳಿಗೊಬ್ಬರು ಎಂದರೆ ಮೂವತ್ತು ಮಕ್ಕಳ ತರಗತಿಗೆ ಹತ್ತು ಮಂದಿ ಬೇಕು. ಎಲ್ಲರನ್ನೂ ಒಂದೇ ದಿನ ಹೊರಗೆ ಕರೆದೊಯ್ಯುವ ಬದಲು, ದಿನಕ್ಕೆ ಆರು ಮಕ್ಕಳಂತೆ ಇಪ್ಪತ್ತು ನಿಮಿಷ ಕರೆದೊಯ್ದರೆ ಒಬ್ಬ ಶಿಕ್ಷಕರು ಮತ್ತು ಇಬ್ಬರು ತಾಯಂದಿರು ವಾರದಲ್ಲಿ ಒಂದು ತರಗತಿಯನ್ನು ಮುಗಿಸಬಹುದು. ದೈಹಿಕ ಶಿಕ್ಷಣದ ಅವಧಿ ಇದಕ್ಕೆ ಹೊಂದುತ್ತದೆ. ಪೋಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆದಿರಬೇಕು, ಮತ್ತು ಚಿಕ್ಕ ಮಕ್ಕಳ ಪಾಠ ಎಂದೂ ಮುಖ್ಯ ರಸ್ತೆಯಲ್ಲಿ ಶುರುವಾಗಬಾರದು. ಊರೊಳಗಿನ ಕಡಿಮೆ ಓಡಾಟದ ಬೀದಿಯೇ ಮೊದಲ ತರಗತಿ.

ಮೊದಲ ಪಾಠ 'ನಿಲ್ಲು.' ಮಕ್ಕಳು ಕೈ ಹಿಡಿದು ನಡೆಯುತ್ತಾರೆ, ಮಾತಾಡುತ್ತಾರೆ. ಫುಟ್‌ಪಾತ್ ಇಲ್ಲದ ಬೀದಿಯಲ್ಲಿ ಅಂಚು ಯಾವುದು ಎಂಬುದನ್ನೇ ಮೊದಲು ಗುರುತಿಸಬೇಕು: ಡಾಂಬರು ಮುಗಿದು ಮಣ್ಣು ಶುರುವಾಗುವ ಗೆರೆ. ಆ ಗೆರೆ ಬಂದಲ್ಲೆಲ್ಲ ಕಾಲು ನಿಲ್ಲಬೇಕು. ದೊಡ್ಡವರು 'ನಿಲ್ಲು' ಎಂದು ಹೇಳಿ ನಿಲ್ಲಿಸಿದರೆ ಮಗು ಆ ಮಾತಿಗೆ ಕಾಯುವುದನ್ನಷ್ಟೇ ಕಲಿಯುತ್ತದೆ. ಹೇಳದೆ, ತಾವೂ ಅಂಚಿನಲ್ಲಿ ನಿಂತು, ಮಗು ತಾನಾಗಿ ನಿಂತಾಗ ಮೆಚ್ಚಬೇಕು. ಎರಡು ಮೂರು ದಿನಗಳಲ್ಲಿ ಹೆಚ್ಚಿನ ಮಕ್ಕಳು ನಿಲ್ಲತೊಡಗುತ್ತಾರೆ. ಆಗ ಪರೀಕ್ಷೆ: ಬೀದಿಯಾಚೆ ಗೆಳೆಯನೊಬ್ಬ ನಿಂತು ಕೂಗಲಿ, ಚೆಂಡೊಂದು ಉರುಳಿ ಹೋಗಲಿ. ವಾಹನವಿಲ್ಲದ ಬೀದಿಯಲ್ಲಿ, ಕೈ ಹಿಡಿದೇ ಇದನ್ನು ಮಾಡಬೇಕು. ನಿಲ್ಲುವುದು ರೂಢಿಯಾಗಿದೆಯೋ ಇಲ್ಲವೋ ಎಂದು ಆಗ ತಿಳಿಯುತ್ತದೆ. ಸಂಜೆ ಗೇಟಿನೆದುರು ಆಗುವುದೂ ಇದೇ ಅಲ್ಲವೇ.

ಎರಡನೆಯ ಪಾಠ ಜಾಗದ ಹುಡುಕಾಟ. ಮಕ್ಕಳನ್ನು ಬೇಕೆಂದೇ ಕೆಟ್ಟ ಜಾಗದಲ್ಲಿ, ತಿರುವಿನ ಬಳಿ ಮಣ್ಣಿನ ಅಂಚಿನಿಂದ ದೂರದಲ್ಲಿ ನಿಲ್ಲಿಸಿ ಕೇಳಬೇಕು: ಇಲ್ಲಿಂದ ಎಷ್ಟು ದೂರ ಕಾಣುತ್ತದೆ? ಆ ಮರದಾಚೆ ಏನಿರಬಹುದು? ಬೈಕು ಅಲ್ಲಿಂದ ಹೊರಟರೆ ನಮಗೆ ಯಾವಾಗ ಕಾಣುತ್ತದೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು ಕಾದರೆ ಒಂದು ಬೈಕು ತಾನೇ ಬಂದು ತೋರಿಸುತ್ತದೆ. ಸದ್ದು ಮೊದಲು, ರೂಪ ಆಮೇಲೆ. ಕಾಣದ ವಾಹನವೂ ಇರುತ್ತದೆ ಎಂಬ ತಿಳಿವಳಿಕೆ ಮಗುವಿನಲ್ಲಿ ಹುಟ್ಟುವುದು ಹೀಗೆ, ಚಿತ್ರಪಟದಿಂದಲ್ಲ. ವಿದ್ಯುತ್ ಸ್ಕೂಟರುಗಳು ಹೆಚ್ಚಿರುವ ಪಟ್ಟಣದಲ್ಲಿ ಸದ್ದನ್ನು ನಂಬಬಾರದೆಂಬುದನ್ನೂ ಇಲ್ಲೇ ಹೇಳಬೇಕು. ಮಳೆಗಾಲದಲ್ಲಿ ರೈನ್‌ಕೋಟಿನ ಟೋಪಿ ತಲೆಯ ಜೊತೆ ತಿರುಗದೆ ಒಂದು ಬದಿಯ ನೋಟವನ್ನು ಮುಚ್ಚಿಬಿಡುತ್ತದೆ. ಕೊಡೆಯೂ ಹಾಗೆಯೇ. ಜುಲೈ ತಿಂಗಳಲ್ಲಿ ಒಮ್ಮೆ ಅದೇ ವೇಷದಲ್ಲಿ ಈ ಪಾಠವನ್ನು ಮತ್ತೆ ಮಾಡಿಸಬೇಕು.

ಮೂರನೆಯದು ನೋಡುವುದು. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ, ಅಂಚಿನಲ್ಲಿ ನಿಂತವರಿಗೆ ಹತ್ತಿರದ ಅರ್ಧರಸ್ತೆಯ ವಾಹನ ಬಲಗಡೆಯಿಂದ ಬರುತ್ತದೆ. ಅದಕ್ಕೇ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ಕಾರಣ ಹೇಳಿಕೊಟ್ಟರೆ ಕ್ರಮ ಮರೆಯುವುದಿಲ್ಲ. ಆದರೆ ರಾಂಗ್ ಸೈಡಿನಲ್ಲಿ ಬರುವ ಬೈಕುಗಳು ನಮ್ಮ ರಸ್ತೆಗಳ ವಾಸ್ತವ. ಹಾಗಾಗಿ ದಾಟುತ್ತಿರುವಾಗಲೂ ಎರಡೂ ಕಡೆ ಕಣ್ಣಾಡಿಸುತ್ತಲೇ ಇರಬೇಕೆಂದು ಸೇರಿಸಬೇಕು. ಇಲ್ಲಿ ಬರುವ ದೋಷವೊಂದಿದೆ: ಮಗು ಶಾಸ್ತ್ರಕ್ಕೆ ತಲೆ ತಿರುಗಿಸುತ್ತದೆ, ಕಣ್ಣು ಏನನ್ನೂ ಕಂಡಿರುವುದಿಲ್ಲ. ಪತ್ತೆಹಚ್ಚುವುದು ಸುಲಭ. 'ಬಲಗಡೆ ಏನು ಕಂಡಿತು? ಅದು ನಿಂತಿದೆಯೋ, ಬರುತ್ತಿದೆಯೋ?' ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಕಂಡದ್ದನ್ನು ಗಟ್ಟಿಯಾಗಿ ಹೇಳಿಯೇ ದಾಟುವ ಅಭ್ಯಾಸ ಒಂದು ತಿಂಗಳು ನಡೆಯಲಿ.

ಅಂತರವನ್ನು ಅಂದಾಜು ಮಾಡುವ ಪಾಠ ದೊಡ್ಡ ಮಕ್ಕಳಿಗೆ. ನಿಜವಾದ ವಾಹನಗಳ ನಡುವೆ ಮಕ್ಕಳನ್ನು ಬಿಟ್ಟು ಕಲಿಸಲಾಗದು. ಇದಕ್ಕೆ ಡೇವಿಡ್ ಲೀ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ವಿಧಾನವೊಂದು ನಮ್ಮ ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ. ನಿಜ ರಸ್ತೆಯ ಪಕ್ಕದಲ್ಲೇ ಅಷ್ಟೇ ಅಗಲದ ಒಂದು ನಟನೆಯ ರಸ್ತೆಯನ್ನು ಗುರುತು ಮಾಡಬೇಕು. ಮಗು ನಿಜ ರಸ್ತೆಯ ವಾಹನಗಳನ್ನು ನೋಡುತ್ತಾ, ಅವು ತನ್ನ ನಟನೆಯ ರಸ್ತೆಯಲ್ಲೇ ಬರುತ್ತಿವೆ ಎಂದು ಭಾವಿಸಿ, ಸರಿಯಾದ ಅಂತರ ಸಿಕ್ಕಾಗ ದಾಟಬೇಕು. ಮೇಲೆ ಹೇಳಿದ ಶಾಲೆಯಲ್ಲಿ ಕಾಂಪೌಂಡಿನ ಒಳಗೆ, ರಸ್ತೆ ಚೆನ್ನಾಗಿ ಕಾಣುವ ಎತ್ತರದ ಜಗುಲಿಯ ಬಳಿ ಸುಣ್ಣದ ಪುಡಿಯಿಂದ 7 ಮೀಟರ್ ಅಗಲದ ಪಟ್ಟಿ ಎಳೆದರೆ ಆಯಿತು. ಮಗು ದಾಟಿ ಮುಗಿಸುವ ಮೊದಲೇ ವಾಹನ ಅದರ ನೇರಕ್ಕೆ ಬಂದುಬಿಟ್ಟರೆ ಆ ಅಂದಾಜು ತಪ್ಪು. ಯಾರಿಗೂ ಏಟಾಗದೆ ತಪ್ಪು ಮಾಡಿ ಕಲಿಯಲು ಇಷ್ಟು ಒಳ್ಳೆಯ ಉಪಾಯ ಮತ್ತೊಂದಿಲ್ಲ. ಚಿಕ್ಕ ಮಕ್ಕಳಲ್ಲಿ ಎರಡು ಬಗೆಯ ತಪ್ಪೂ ಕಾಣುತ್ತದೆ: ಕೆಲವರು ಸಾಲದ ಅಂತರದಲ್ಲಿ ನುಗ್ಗುತ್ತಾರೆ, ಇನ್ನು ಕೆಲವರು ಬೇಕಾದಷ್ಟು ಅಂತರ ಸಿಕ್ಕಾಗಲೂ ನಿಂತು, ವಾಹನ ಹತ್ತಿರ ಬಂದ ಮೇಲೆ ಹೊರಡುತ್ತಾರೆ. ಎರಡನೆಯವರಿಗೆ 'ಹುಷಾರು' ಎಂದು ಹೇಳುವುದು ಪ್ರಯೋಜನವಿಲ್ಲ. ಬೇಗ ತೀರ್ಮಾನಿಸುವ ಅಭ್ಯಾಸ ಅವರಿಗೆ ಬೇಕು.

ಬಸ್ಸಿನ ಪಾಠ ಚಿಕ್ಕದು, ಆದರೆ ಬಿಡುವಂತಿಲ್ಲ. ಇಳಿದ ಮಗು ಬಸ್ಸಿನ ಮೂತಿಗೆ ಅಂಟಿಕೊಂಡು ದಾಟಿದರೆ ಎತ್ತರದಲ್ಲಿ ಕುಳಿತ ಚಾಲಕನಿಗೆ ಕಾಣುವುದಿಲ್ಲ. ಬಸ್ಸನ್ನು ಮೈದಾನದಲ್ಲಿ ನಿಲ್ಲಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಚಾಲಕನ ಆಸನದಲ್ಲಿ ಕೂರಿಸಿ, ಉಳಿದವರನ್ನು ಬಸ್ಸಿನ ಮುಂದೆ ನಿಲ್ಲಿಸಿದರೆ ಎಷ್ಟು ಮಂದಿ ಕಾಣೆಯಾಗುತ್ತಾರೆ ಎಂಬುದನ್ನು ಅವರೇ ಎಣಿಸುತ್ತಾರೆ.

ಪ್ರೌಢಶಾಲೆ: ಬ್ರೇಕು, ಹೆಲ್ಮೆಟ್, ಕಾನೂನು

ಪ್ರೌಢಶಾಲೆಯ ಮಕ್ಕಳಿಗೆ ನಿಯಮಕ್ಕಿಂತ ಕಾರಣ ಹಿಡಿಸುತ್ತದೆ. ಅವರಿಗೆ ಭೌತಶಾಸ್ತ್ರದ ಪಾಠವೇ ಸುರಕ್ಷತೆಯ ಪಾಠವಾಗಬಹುದು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಚಾಲಕ ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕು, ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 5 ಮೀಟರಿನಂತೆ ಇಳಿಸುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಲಿ. 36 ಕಿಲೋಮೀಟರ್ ವೇಗದ ಬೈಕು ನಿಲ್ಲಲು 20 ಮೀಟರ್ ಬೇಕು. ವೇಗ ಇಮ್ಮಡಿಯಾಗಿ 72 ಆದರೆ 60 ಮೀಟರ್. ವೇಗ ಎರಡರಷ್ಟಾದರೆ ದೂರವೂ ಎರಡರಷ್ಟಾಗುತ್ತದೆ ಎಂದು ಊಹಿಸಿದ್ದ ಮಕ್ಕಳು ಆ ಮೂರನೆಯ ಗೆರೆಯವರೆಗೆ ನಡೆದು ನೋಡಬೇಕು. ಒಂದು ಸೆಕೆಂಡು ಯಾಕೆ ಎಂಬುದಕ್ಕೆ ಸ್ಕೇಲಿನ ಪ್ರಯೋಗ: ಒಬ್ಬರು ಸ್ಕೇಲನ್ನು ನೇತುಹಿಡಿದು ಬಿಡುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. 20 ಸೆಂಟಿಮೀಟರ್ ಜಾರಿದ್ದರೆ 0.2 ಸೆಕೆಂಡು ಕಳೆದಿದೆ. ಅದೇ ಹುಡುಗ ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಹೇಳುತ್ತಾ ಹಿಡಿಯಲಿ, ಸ್ಕೇಲು ಪೂರ್ತಿ ಜಾರಿ ನೆಲಕ್ಕೆ ಬೀಳುವುದೂ ಉಂಟು. ಮೊಬೈಲಿನಲ್ಲಿ ಮಾತಾಡುತ್ತಾ ಬೈಕು ಓಡಿಸುವುದರ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕು ವರ್ಷ ಮೀರಿದ ಎಲ್ಲರೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಬೇಕು. ಹಿಂದೆ ಕೂರುವ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ನಾಲ್ಕಕ್ಕಿಂತ ಚಿಕ್ಕವರನ್ನು ಕೂರಿಸಿಕೊಂಡರೆ ಸವಾರನಿಗೆ ಮಗುವನ್ನು ಬಿಗಿಯುವ ಸುರಕ್ಷತಾ ಪಟ್ಟಿ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ತರಗತಿಯಲ್ಲಿ ಮಾಡಬೇಕಾದ ಚಟುವಟಿಕೆ ಪಟ್ಟಿಯದ್ದು. ಮಕ್ಕಳು ಮನೆಯ ಹೆಲ್ಮೆಟ್ ತಂದು ಧರಿಸಿ, ಪಟ್ಟಿ ಹಾಕಿ, ಹಿಂದಿನಿಂದ ಮೇಲೆತ್ತಿ ನೋಡಲಿ. ಕಳಚಿ ಬಂದರೆ ಅದು ಅಪಘಾತದಲ್ಲಿ ತಲೆಗಿಂತ ಮೊದಲು ಹಾರಿಹೋಗುತ್ತದೆ. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು.

ಅಪ್ರಾಪ್ತ ವಯಸ್ಸಿನವರ ಬೈಕು ಸವಾರಿ ಈ ವಯಸ್ಸಿನ ದೊಡ್ಡ ಸಂಕಟ. ಗೇರಿನ ಬೈಕಿಗೆ ಹದಿನೆಂಟು ತುಂಬಬೇಕು. ಹದಿನಾರಕ್ಕೆ ಸಿಗುವ ಪರವಾನಗಿ 50 ಸಿಸಿ ಒಳಗಿನ ವಾಹನಕ್ಕೆ ಮಾತ್ರ. ಮನೆಗಳಲ್ಲಿರುವ ಸಾಮಾನ್ಯ ಸ್ಕೂಟರು ಅದಕ್ಕಿಂತ ಬಹಳ ದೊಡ್ಡದು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವರಿಗೆ ಇಪ್ಪತ್ತೈದು ವರ್ಷ ತುಂಬುವ ತನಕ ಪರವಾನಗಿ ಸಿಗುವುದಿಲ್ಲ. ಇದನ್ನು ಮಕ್ಕಳಿಗಿಂತ ಮೊದಲು ಪೋಷಕರ ಸಭೆಯಲ್ಲಿ ಓದಿ ಹೇಳಬೇಕು, ಕೀಲಿ ಕೊಡುವವರು ಅವರು. ಶಾಲೆಯಲ್ಲೇ ಬೈಕು ಓಡಿಸುವ ತರಬೇತಿ ಕೊಟ್ಟರೆ ಸುರಕ್ಷಿತವಾಗಿ ಓಡಿಸುತ್ತಾರೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ವಿದೇಶಗಳಲ್ಲಿ ಶಾಲಾ ಚಾಲನಾ ಶಿಕ್ಷಣದ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದು ಬೇರೆ: ಅಪಘಾತ ಕಡಿಮೆಯಾದ ಪುರಾವೆ ಸಿಗಲಿಲ್ಲ, ಹುಡುಗರು ಇನ್ನೂ ಚಿಕ್ಕ ವಯಸ್ಸಿನಲ್ಲೇ ಪರವಾನಗಿ ಪಡೆಯತೊಡಗಿದರು. ಆ ದಾರಿ ಬೇಡ.

108ಕ್ಕೆ ಕರೆ ಮಾಡುವ ಅಭ್ಯಾಸ ನಟನೆಯ ರೂಪದಲ್ಲಿ ನಡೆಯಬೇಕು. ಹೆಚ್ಚಿನವರು ತಡವರಿಸುವುದು ಜಾಗ ಹೇಳುವಲ್ಲಿ. 'ಸೇತುವೆ ಹತ್ರ' ಎಂದರೆ ಆಂಬುಲೆನ್ಸಿಗೆ ತಿಳಿಯದು. ರಸ್ತೆಯ ಹೆಸರು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನಿಂದ ಯಾವ ಊರಿನ ಕಡೆಗೆ ಎಂದು ಹೇಳುವುದನ್ನು ರೂಢಿ ಮಾಡಿಸಬೇಕು. ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಬರುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ ಎಂಬ ಮಾತು ಮಕ್ಕಳ ಮೂಲಕ ಮನೆ ಸೇರಲಿ.

ಫಲ ನೋಡುವುದು ಹೇಗೆ

ಬರವಣಿಗೆಯ ಪರೀಕ್ಷೆ ಇದಕ್ಕೆ ಒದಗುವುದಿಲ್ಲ. ಮಕ್ಕಳಿಗೆ ಗೊತ್ತಾಗದಂತೆ ನೋಡಿ ಎಣಿಸುವುದೇ ದಾರಿ. ಪಾಠ ಶುರುವಾಗುವ ಮೊದಲು ಒಂದು ಸಂಜೆ, ಗೇಟು ಮತ್ತು ರಸ್ತೆ ಎರಡೂ ಕಾಣುವ ಕಿಟಕಿಯಲ್ಲಿ ಕುಳಿತ ಶಿಕ್ಷಕರು ನಲವತ್ತು ಮಕ್ಕಳನ್ನು ಗಮನಿಸಿ ನಾಲ್ಕು ಪ್ರಶ್ನೆಗೆ ಹೌದು, ಇಲ್ಲ ಬರೆಯುತ್ತಾರೆ: ಅಂಚಿನಲ್ಲಿ ನಿಂತಿತೇ? ಎರಡೂ ಕಡೆ ನೋಡಿತೇ? ಓಡದೆ ನೇರವಾಗಿ ದಾಟಿತೇ? ಗೊತ್ತುಮಾಡಿದ ಜಾಗದಲ್ಲಿ ದಾಟಿತೇ? ಪಾಠ ಮುಗಿದ ಎರಡು ವಾರಕ್ಕೆ ಅದೇ ಎಣಿಕೆ, ಮೂರು ತಿಂಗಳಿಗೆ ಮತ್ತೊಮ್ಮೆ. ನೋಡುವವರು ಗೇಟಿನಲ್ಲಿ ನಿಂತು ಮಕ್ಕಳ ಕಣ್ಣಿಗೆ ಬಿದ್ದರೆ ಲೆಕ್ಕ ಹಾಳಾಗುತ್ತದೆ, ಮೇಷ್ಟ್ರನ್ನು ಕಂಡ ಮಗು ಹೇಗೂ ನಿಲ್ಲುತ್ತದೆ.

ಮೂರನೆಯ ಎಣಿಕೆಯನ್ನು ತಪ್ಪಿಸಬಾರದು. ಪಾದಚಾರಿ ಶಿಕ್ಷಣದ ಬಗ್ಗೆ ನಡೆದ ಪ್ರಯೋಗಗಳನ್ನು ಒಟ್ಟುಮಾಡಿ 2002ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆ, ತರಬೇತಿಯಿಂದ ಮಕ್ಕಳ ತಿಳಿವಳಿಕೆ ಹೆಚ್ಚಬಹುದು, ರಸ್ತೆ ದಾಟುವ ವರ್ತನೆಯೂ ಬದಲಾಗಬಹುದು, ಆದರೆ ಕಾಲ ಕಳೆದಂತೆ ಅದು ಸವೆಯುತ್ತದೆ, ಮತ್ತೆ ಮತ್ತೆ ಕಲಿಸಬೇಕಾಗುತ್ತದೆ ಎಂದಿತು. ಗಾಯಗಳ ಸಂಖ್ಯೆ ಕಡಿಮೆಯಾಯಿತೆಂದು ತೋರಿಸುವ ಪುರಾವೆ ಆಗ ಅವರಿಗೆ ಸಿಗಲಿಲ್ಲ. ಜನವರಿಯ ಒಂದು ವಾರದಲ್ಲಿ ಮುಗಿದುಹೋಗುವ ಕಾರ್ಯಕ್ರಮದ ದೌರ್ಬಲ್ಯ ಇಲ್ಲಿದೆ. ಜೂನಿನಲ್ಲಿ ಅಳತೆ ಮತ್ತು ಮೊದಲ ಪಾಠಗಳು, ಜುಲೈಯಲ್ಲಿ ಮಳೆಯ ಪಾಠ, ದಸರಾ ರಜೆಯ ನಂತರ ಪುನರಭ್ಯಾಸ, ಮುಂಜಾನೆ ಮಂಜಿರುವ ಡಿಸೆಂಬರಿನಲ್ಲಿ ಮತ್ತೊಂದು ಸುತ್ತು ಎಂದು ವರ್ಷವಿಡೀ ಹರಡಿದರೆ ಪ್ರತಿ ಸಲಕ್ಕೂ ತರಗತಿಗೆ ಒಂದು ವಾರ ಸಾಕು.

ಎಣಿಕೆಯನ್ನು ಓದುವ ರೀತಿಯೂ ಮುಖ್ಯ. ನಿಲ್ಲುವ ಮಕ್ಕಳ ಸಂಖ್ಯೆ ಹೆಚ್ಚಿ, ಗೊತ್ತುಮಾಡಿದ ಜಾಗದಲ್ಲಿ ದಾಟುವವರ ಸಂಖ್ಯೆ ಮಾತ್ರ ಹಾಗೇ ಉಳಿದಿದ್ದರೆ ದೋಷ ಪಾಠದಲ್ಲಿಲ್ಲ. ಐಸ್‌ಕ್ಯಾಂಡಿ ಗಾಡಿ ಇನ್ನೂ ಗೇಟಿನೆದುರೇ ನಿಂತಿದೆಯೇ, ಪೋಷಕರು ರಸ್ತೆಯಾಚೆ ಬೈಕು ನಿಲ್ಲಿಸಿ ಮಕ್ಕಳನ್ನು ಕೈಬೀಸಿ ಕರೆಯುತ್ತಿದ್ದಾರೆಯೇ, ಕಾಲುದಾರಿಯಲ್ಲಿ ಮತ್ತೆ ಗಿಡ ಬೆಳೆದಿದೆಯೇ ಎಂದು ನೋಡಬೇಕು. ಗಾಡಿಯನ್ನು ಶಾಲೆಯ ಬದಿಗೆ ಸರಿಸಿಕೊಳ್ಳಲು ಕೇಳುವುದು, ಪೋಷಕರು ಗೇಟಿನ ಕಡೆಯೇ ಬಂದು ಮಗುವಿನ ಕೈ ಹಿಡಿಯಬೇಕೆಂದು ಗೊತ್ತುಮಾಡುವುದು, ಬಿಡುವ ಹೊತ್ತನ್ನು ಚಿಕ್ಕವರಿಗೂ ದೊಡ್ಡವರಿಗೂ ಹತ್ತು ನಿಮಿಷ ಹಿಂದುಮುಂದು ಮಾಡುವುದು ಇವೆಲ್ಲ ಮುಖ್ಯೋಪಾಧ್ಯಾಯರ ಕೈಯಲ್ಲೇ ಇರುವ ಕ್ರಮಗಳು. ಇದರ ಜೊತೆಗೆ ಕಚೇರಿಯಲ್ಲೊಂದು ಪುಸ್ತಕ ಇರಲಿ. ಸ್ವಲ್ಪದರಲ್ಲೇ ತಪ್ಪಿದ ಅಪಘಾತಗಳನ್ನು ದಿನಾಂಕ, ಹೊತ್ತು, ಜಾಗದೊಂದಿಗೆ ಅದರಲ್ಲಿ ಬರೆದಿಟ್ಟು, ಮುಂದಿನ ಜೂನಿನಲ್ಲಿ ನಕ್ಷೆಯನ್ನು ಹೊಸದಾಗಿ ಬರೆಯುವಾಗ ಆ ಜಾಗಗಳನ್ನೂ ಸೇರಿಸಬೇಕು.